ಎಲ್‌ಡಿ ಬೀಳುವುದು ಯಾವ ದಿನಗಳಿಗೆ? ಸೈಟ್ ಸೂಪರ್‌ವೈಸರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಕೇಂದ್ರ ಸರ್ಕಾರದ ಕಟ್ಟಡ ಕೆಲಸ ಮಾಡೋ ಕಾಂಟ್ರ್ಯಾಕ್ಟರ್ ಹತ್ರ ಸೈಟ್ ಸೂಪರ್‌ವೈಸರ್. ಡಿಪ್ಲೊಮಾ ಆಗಿದೆ, ಆದ್ರೆ ಅಗ್ರಿಮೆಂಟ್ ಪುಸ್ತಕ ತಲೆಗೆ ಹತ್ತಲ್ಲ. ಹೋದ ಆರ್‌ಎ ಬಿಲ್ಲಲ್ಲಿ ದುಡ್ಡು ಹಿಡಿದಿದ್ದಾರೆ. ಎಲ್‌ಡಿ ಬಿತ್ತು, ನೀನು ಸೈಟಲ್ಲಿ ಸರಿಯಾಗಿ ಬರೆದಿಟ್ಟಿಲ್ಲ ಅಂತ ಆಫೀಸಲ್ಲಿ ಬೈತಾರೆ. ತಡ ಆಗೋಕೆ ಅರ್ಧ ಕಾರಣ ಇಲಾಖೆಯದೇ. ಎಲ್‌ಡಿ ಅಂದ್ರೆ ಏನು, ಯಾವಾಗ ಬೀಳತ್ತೆ, ನಾನು ಏನು ಬರೆದಿಡಬೇಕು?

ಉತ್ತರ:

ಮೊದಲು ನಿಮ್ಮ ಬಿಲ್ಲಿನ ವಿಷಯ. ಆರ್‌ಎ ಬಿಲ್ಲಿನಲ್ಲಿ, ಅಂದರೆ ಕೆಲಸ ನಡೆಯುತ್ತಿರುವಾಗಲೇ ಆಗಾಗ ಮಾಡುವ ಬಿಲ್ಲಿನಲ್ಲಿ, ದುಡ್ಡು ಹಿಡಿದರು ಅಂದ ಮಾತ್ರಕ್ಕೆ ಎಲ್‌ಡಿ, ಅಂದರೆ ತಡಕ್ಕೆ ಕಟ್ಟಬೇಕಾದ ಪರಿಹಾರ, ಬಿತ್ತು ಅಂತಲ್ಲ. ನೀವು ಹೇಳುವಂಥ ಕೆಲಸಗಳಿಗೆ ಸಾಮಾನ್ಯವಾಗಿ ಕೇಂದ್ರ ಲೋಕೋಪಯೋಗಿ ಇಲಾಖೆಯಾದ ಸಿಪಿಡಬ್ಲ್ಯೂಡಿಯ ಜನರಲ್ ಕಂಡೀಷನ್ಸ್ ಪುಸ್ತಕವೇ ಅಗ್ರಿಮೆಂಟಿನ ಭಾಗವಾಗಿರುತ್ತದೆ. ಅದರಲ್ಲಿ ಮೈಲ್‌ಸ್ಟೋನ್ ಅಂತ ಇದೆ. ಇಷ್ಟನೇ ತಿಂಗಳಿಗೆ ಪ್ಲಿಂತ್ ಮುಗಿದಿರಬೇಕು, ಇಷ್ಟನೇ ತಿಂಗಳಿಗೆ ಫ್ರೇಮ್ ಎದ್ದಿರಬೇಕು ಅಂತ ಷೆಡ್ಯೂಲ್ ಎಫ್‌ನಲ್ಲಿ ಬರೆದಿರುತ್ತಾರೆ. ಒಂದು ಮೈಲ್‌ಸ್ಟೋನ್ ತಪ್ಪಿದರೆ ಅಲ್ಲಿ ಹೇಳಿದಷ್ಟು ದುಡ್ಡನ್ನು ಬಿಲ್ಲಿನಲ್ಲಿ ತಡೆಹಿಡಿಯುತ್ತಾರೆ. ಮುಂದಿನ ಮೈಲ್‌ಸ್ಟೋನ್‌ಗಳಲ್ಲಿ ನೀವು ಹಿಂದಿನ ಬಾಕಿಯನ್ನೂ ಸರಿದೂಗಿಸಿದರೆ ಆ ದುಡ್ಡು ವಾಪಸ್ ಬರುತ್ತದೆ. ಹಾಗಾಗಿ ಬಿಲ್ಲಿನ ಪ್ರತಿ ತೆಗೆದು ನೋಡಿ. 'ವಿತ್‌ಹೆಲ್ಡ್' ಅಂತ ಬರೆದಿದೆಯಾ, ಅಥವಾ ಎಲ್‌ಡಿಯ ಷರತ್ತಾದ ಕ್ಲಾಸ್ 2ರಲ್ಲಿ ವಸೂಲಿ ಅಂತ ಬರೆದಿದೆಯಾ? ಕೆಲಸ ಇನ್ನೂ ನಡೆಯುತ್ತಿದ್ದರೆ ಮೊದಲನೆಯದೇ ಇರುವ ಸಾಧ್ಯತೆ ಜಾಸ್ತಿ. ಅಂದರೆ ನಿಮಗೆ ಇನ್ನೂ ಸಮಯ ಇದೆ.

ಎಲ್‌ಡಿ ಅಂದರೆ ಲಿಕ್ವಿಡೇಟೆಡ್ ಡ್ಯಾಮೇಜಸ್. ಕಟ್ಟಡ ತಡವಾದರೆ ಕಟ್ಟಿಸುವವರಿಗೆ ನಷ್ಟ ಆಗುತ್ತದೆ. ಬಾಡಿಗೆ ಕಟ್ಟಡದಲ್ಲೇ ಕಚೇರಿ ನಡೆಸಬೇಕು, ಮೇಲ್ವಿಚಾರಣೆಗೆ ಇನ್ನಷ್ಟು ತಿಂಗಳು ಸಿಬ್ಬಂದಿ ಇಡಬೇಕು. ಆ ನಷ್ಟ ಎಷ್ಟು ಅಂತ ಆಮೇಲೆ ಜಗಳ ಆಡುವ ಬದಲು, ಸಹಿ ಹಾಕುವ ದಿನವೇ ಎರಡೂ ಕಡೆಯವರು ಒಂದು ದರ ಒಪ್ಪಿಕೊಂಡಿರುತ್ತಾರೆ. ಸಿಪಿಡಬ್ಲ್ಯೂಡಿ ಪುಸ್ತಕದಲ್ಲಿ ಇದು ಕ್ಲಾಸ್ 2. ಯಾವ ವರ್ಷದ ಮುದ್ರಣ ಅನ್ನುವುದರ ಮೇಲೆ ದರ ತಿಂಗಳಿಗೆ ಶೇ. 1 ಅಥವಾ ಶೇ. 1.5 ಇರುತ್ತದೆ. ಲೆಕ್ಕ ಮಾತ್ರ ದಿನದ ಮೇಲೆ. ಒಟ್ಟು ಮೊತ್ತ ಟೆಂಡರ್ ಮೊತ್ತದ ಶೇ. 10 ದಾಟುವ ಹಾಗಿಲ್ಲ. ರಾಜ್ಯದ ಪಿಡಬ್ಲ್ಯೂಡಿ ಟೆಂಡರ್‌ಗಳಲ್ಲಿ ಮತ್ತು ಖಾಸಗಿ ಕೆಲಸಗಳಲ್ಲಿ ದರವೂ ಮಾತೂ ಬೇರೆ ಇರಬಹುದು. ನಿಮ್ಮದೇ ಅಗ್ರಿಮೆಂಟಿನ ಆ ಪುಟ ಓದಿಕೊಳ್ಳಿ.

ಈಗ ಮುಖ್ಯ ವಿಷಯ. ಕೆಲಸ ತಡವಾದ ಎಲ್ಲ ದಿನಗಳಿಗೂ ಎಲ್‌ಡಿ ಬೀಳುವುದಿಲ್ಲ. ಕಾಂಟ್ರ್ಯಾಕ್ಟರ್ ತಪ್ಪಿನಿಂದ ತಡವಾದ ದಿನಗಳಿಗೆ ಮಾತ್ರ ಬೀಳುತ್ತದೆ. ಮುಗಿಯಬೇಕಿದ್ದ ದಿನದಿಂದ ಮುಗಿದ ದಿನದವರೆಗೆ ಎಣಿಸಿ, ಅದರಲ್ಲಿ ಇಲಾಖೆಯ ಕಾರಣದ ದಿನಗಳನ್ನೂ ಯಾರ ಕೈಯಲ್ಲೂ ಇಲ್ಲದ ಕಾರಣದ ದಿನಗಳನ್ನೂ ಕಳೆಯುತ್ತಾರೆ. ಉಳಿದದ್ದಕ್ಕೆ ಎಲ್‌ಡಿ. ಈ ಕಳೆಯುವ ಲೆಕ್ಕಕ್ಕೆ ಆಧಾರ ಸೈಟಿನಲ್ಲಿ ಬರೆದಿಟ್ಟ ಕಾಗದ. ಆಫೀಸಿನವರು ನಿಮ್ಮನ್ನು ಬೈದದ್ದು ತಪ್ಪು, ಯಾಕೆಂದರೆ ಇದನ್ನು ನಿಮಗೆ ಕಲಿಸಬೇಕಿದ್ದವರು ಅವರೇ. ಆದರೆ ಸೈಟಿನ ಬರವಣಿಗೆಯಲ್ಲೇ ದುಡ್ಡು ಇದೆ ಅನ್ನುವ ಮಾತು ಮಾತ್ರ ನಿಜ.

ಲೆಕ್ಕಕ್ಕೆ ಒಂದು ಕೆಲಸ ಇಟ್ಟುಕೊಳ್ಳೋಣ. ಒಂದು ಕಚೇರಿ ಕಟ್ಟಡ, ಟೆಂಡರ್ ಮೊತ್ತ 3 ಕೋಟಿ ರೂಪಾಯಿ. ಶುರು 2024ರ ಜೂನ್ 1, ಮುಗಿಯಬೇಕಾದ ದಿನ 2025ರ ಮೇ 31. ನಿಜವಾಗಿ ಮುಗಿದದ್ದು 2025ರ ಸೆಪ್ಟೆಂಬರ್ 28. ಅಂದರೆ 120 ದಿನ ತಡ. ದರ ತಿಂಗಳಿಗೆ ಶೇ. 1 ಅಂದರೆ 3 ಲಕ್ಷ, ದಿನಕ್ಕೆ ಸುಮಾರು 10,000 ರೂಪಾಯಿ. ಯಾರೂ ಏನೂ ಬರೆದಿಡದಿದ್ದರೆ 12 ಲಕ್ಷ ಹೋಗುತ್ತದೆ.

ಈ ಸೈಟಿನಲ್ಲಿ ಮೊದಲ ತೊಂದರೆ ಶುರುವಿನ ದಿನವೇ ಬಂತು. ಜಾಗದ ಒಂದು ಮೂಲೆಯಲ್ಲಿ ಹಳೆಯ ಶೆಡ್ ಇತ್ತು. ಅದನ್ನು ತೆರವು ಮಾಡಿಕೊಡಬೇಕಾದದ್ದು ಇಲಾಖೆ. ತೆರವಾದದ್ದು ಜುಲೈ 10ಕ್ಕೆ, ಅಂದರೆ 40 ದಿನ ಹೋಯಿತು. ಒಟ್ಟು 24 ಫುಟಿಂಗ್‌ಗಳಲ್ಲಿ 6 ಆ ಮೂಲೆಯಲ್ಲಿದ್ದವು. ಇಲ್ಲಿ 40 ದಿನ ಪೂರ್ತಿ ಸಿಗುತ್ತದೆ ಅಂದುಕೊಳ್ಳಬೇಡಿ. ಉಳಿದ 18 ಫುಟಿಂಗ್ ಕೆಲಸ ಮಾಡಬಹುದಿತ್ತಲ್ವಾ ಅಂತ ಎಂಜಿನಿಯರ್ ಕೇಳುತ್ತಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಹಿಂಡ್ರೆನ್ಸ್ ರಿಜಿಸ್ಟರ್‌ನಲ್ಲಿ, ಅಂದರೆ ಕೆಲಸಕ್ಕೆ ಬಂದ ಅಡ್ಡಿಗಳನ್ನು ಬರೆದಿಡುವ ಪುಸ್ತಕದಲ್ಲಿ, ವೆಯ್ಟೇಜ್ ಅಂತ ಒಂದು ಕಾಲಂ ಇರುವುದು ಇದಕ್ಕೇ. ತೊಂದರೆ ಒಟ್ಟು ಕೆಲಸದಲ್ಲಿ ಎಷ್ಟನ್ನು ನಿಲ್ಲಿಸಿತು ಅನ್ನುವ ಅಳತೆ ಅದು. 24ರಲ್ಲಿ 6 ಅಂದರೆ ಕಾಲು ಭಾಗ. 40 ದಿನದ ಕಾಲು ಭಾಗ 10 ದಿನ. ಸುಮ್ನೆ ಬಿಟ್ಟರೆ ಇಷ್ಟೇ ಸಿಗುತ್ತದೆ.

ಆದರೆ ಈ ಸೈಟಿನ ಸೂಪರ್‌ವೈಸರ್ ಡೈರಿಯಲ್ಲಿ ಇನ್ನೊಂದು ಸಾಲು ಬರೆದಿದ್ದರು ಅಂದುಕೊಳ್ಳಿ. "ಜೂನ್ 25ಕ್ಕೆ 18 ಫುಟಿಂಗ್ ಮತ್ತು ಅವುಗಳ ಕಾಲಂ ಪ್ಲಿಂತ್ ಮಟ್ಟದವರೆಗೆ ಮುಗಿದವು. ಪ್ಲಿಂತ್ ಬೀಮ್ ಸುತ್ತಲೂ ಒಂದೇ ಆಗಿ ಹಾಕಬೇಕು ಅಂತ ಡ್ರಾಯಿಂಗ್‌ನಲ್ಲಿದೆ. ಮೂಲೆಯ ಕಾಲಂ ಇಲ್ಲದೆ ಬೀಮ್ ಶುರು ಮಾಡಲು ಆಗುವುದಿಲ್ಲ. ಬಾರ್‌ಬೆಂಡರ್ 8, ಸೆಂಟ್ರಿಂಗ್ 10 ಜನ ಖಾಲಿ." ಈ ಸಾಲಿನಿಂದ ಲೆಕ್ಕ ಎರಡು ತುಂಡಾಗುತ್ತದೆ. ಜೂನ್ 1ರಿಂದ 25ರವರೆಗೆ 25 ದಿನಕ್ಕೆ ಕಾಲು ಭಾಗ, ಸುಮಾರು 6 ದಿನ. ಜೂನ್ 26ರಿಂದ ಜುಲೈ 10ರವರೆಗೆ 15 ದಿನ ಸೈಟಿನಲ್ಲಿ ಬೇರೆ ಕೆಲಸವೇ ಇರಲಿಲ್ಲ, ಹಾಗಾಗಿ ಪೂರ್ತಿ 15. ಒಟ್ಟು 21 ದಿನ. ಹತ್ತರ ಜಾಗದಲ್ಲಿ ಇಪ್ಪತ್ತೊಂದು. ಡೈರಿಯ ಆ ಸಾಲಿನ ಬೆಲೆ 11 ದಿನ, ಅಂದರೆ 1 ಲಕ್ಷ 10 ಸಾವಿರ ರೂಪಾಯಿ.

ಗಮನಿಸಿ, ಆ ಸಾಲಿನಲ್ಲಿ ದೂರು ಇಲ್ಲ. ಇಲಾಖೆ ಹಾಗೆ ಮಾಡಿತು ಹೀಗೆ ಮಾಡಿತು ಅನ್ನುವ ಮಾತಿಲ್ಲ. ಯಾವ ಕೆಲಸ ನಿಂತಿತು, ಅದು ನಿಂತದ್ದಕ್ಕೆ ಮುಂದಿನ ಯಾವ ಕೆಲಸ ನಿಂತಿತು, ಎಷ್ಟು ಜನ ಖಾಲಿ, ಯಾವ ತಾರೀಕು. ನಾಲ್ಕೇ ಸಂಗತಿ. "ಸೈಟ್ ಕ್ಲಿಯರ್ ಇಲ್ಲ, ಕೆಲಸಕ್ಕೆ ತೊಂದರೆ" ಅಂತ ಬರೆದ ಡೈರಿಗಳನ್ನು ನಾನು ಬಹಳ ನೋಡಿದ್ದೇನೆ. ಎರಡು ವರ್ಷ ಆದಮೇಲೆ ಅದರಿಂದ ಒಂದು ದಿನವನ್ನೂ ಹೊರತೆಗೆಯಲು ಆಗುವುದಿಲ್ಲ.

ಎರಡನೇ ತೊಂದರೆ ಡ್ರಾಯಿಂಗ್. ನವೆಂಬರ್ 10ಕ್ಕೆ ಮೊದಲ ಮಹಡಿಯ ಸ್ಲ್ಯಾಬ್‌ಗೆ ಸರಳು ಕಟ್ಟಲು ಹೋದಾಗ, ಆರ್ಕಿಟೆಕ್ಟ್ ಡ್ರಾಯಿಂಗ್‌ನಲ್ಲಿ ಮೆಟ್ಟಿಲಿಗೆ ಬಿಡುವ ತೆರಪು ಒಂದು ಕಡೆ, ಸ್ಟ್ರಕ್ಚರಲ್ ಡ್ರಾಯಿಂಗ್‌ನಲ್ಲಿ ಇನ್ನೊಂದು ಕಡೆ ಇರುವುದು ಕಂಡಿತು. ಅವತ್ತೇ ಇಲಾಖೆಯ ಜೂನಿಯರ್ ಎಂಜಿನಿಯರ್, ಅಂದರೆ ಜೆಇಗೆ ಪತ್ರ ಹೋಯಿತು. ತಿದ್ದಿದ ಡ್ರಾಯಿಂಗ್ ಬಂದದ್ದು ಡಿಸೆಂಬರ್ 4ಕ್ಕೆ. ಸ್ಲ್ಯಾಬ್ ಇಲ್ಲದೆ ಮುಂದೇನೂ ಇಲ್ಲ, ಹಾಗಾಗಿ 25 ದಿನ ಪೂರ್ತಿ. ಇಂಥ ಕಡೆ ಇಲಾಖೆ ಕೇಳುವ ಪ್ರಶ್ನೆ ಒಂದೇ: ಡ್ರಾಯಿಂಗ್ ಇದ್ದಿದ್ದರೂ ನಿಮ್ಮ ಹತ್ತಿರ ಕೆಲಸ ಮಾಡುವವರು ಇದ್ದರಾ? ದೀಪಾವಳಿಗೆ ಊರಿಗೆ ಹೋದ ಬಾರ್‌ಬೆಂಡರ್‌ಗಳು ನವೆಂಬರ್ 20ಕ್ಕೆ ಬಂದಿದ್ದರೆ ಮೊದಲ ಹತ್ತು ದಿನದ ಮೇಲೆ ವಾದ ಶುರುವಾಗುತ್ತದೆ. ಹಾಗಾಗಿ ಕೆಲಸ ನಿಂತಿರುವ ದಿನಗಳಲ್ಲೂ ಹಾಜರಿ ಪುಸ್ತಕ ಬರೆಯುವುದನ್ನು ನಿಲ್ಲಿಸಬೇಡಿ. ಬಹಳ ಸೈಟುಗಳಲ್ಲಿ ಕೆಲಸ ಇಲ್ಲ ಅಂತ ಡೈರಿಯನ್ನೂ ಮುಚ್ಚಿಡುತ್ತಾರೆ. ಬರೆಯಲೇಬೇಕಾದ ದಿನಗಳು ಅವೇ.

ಇದರ ಮಧ್ಯೆ ನವೆಂಬರ್ 20ರಿಂದ 24ರವರೆಗೆ ಅಕಾಲದ ಮಳೆ ಬಂತು ಅಂದುಕೊಳ್ಳಿ. ಆ 5 ದಿನ ಬೇರೆಯಾಗಿ ಸಿಗುವುದಿಲ್ಲ. ಆ ದಿನಗಳಲ್ಲಿ ಕೆಲಸ ಡ್ರಾಯಿಂಗ್ ಇಲ್ಲದೆ ಹೇಗೂ ನಿಂತಿತ್ತು. ಇದಕ್ಕೆ ಓವರ್‌ಲ್ಯಾಪ್ ಅನ್ನುತ್ತಾರೆ. ರಿಜಿಸ್ಟರ್‌ನಲ್ಲಿ ಮಳೆಯನ್ನು ಬರೆಯಿರಿ, ಓವರ್‌ಲ್ಯಾಪ್ ಕಾಲಂನಲ್ಲಿ 5 ಅಂತ ಹಾಕಿ, ನಿವ್ವಳ ದಿನ ಸೊನ್ನೆ ಬರಲಿ. ನೀವೇ ಕಳೆದು ತೋರಿಸಿದರೆ ಉಳಿದ ಲೆಕ್ಕದ ಮೇಲೂ ನಂಬಿಕೆ ಬರುತ್ತದೆ. ನಾಳೆ ಡ್ರಾಯಿಂಗ್‌ನ ದಿನಗಳನ್ನು ಯಾರಾದರೂ ಒಪ್ಪದಿದ್ದರೆ ಆ ಮಳೆಯ 5 ದಿನವಾದರೂ ಉಳಿದಿರುತ್ತದೆ.

ಮಳೆಯ ಬಗ್ಗೆ ಇನ್ನೊಂದು ಮಾತು. ಷರತ್ತಿನಲ್ಲಿ ಇರುವುದು ಅಸಹಜವಾಗಿ ಕೆಟ್ಟ ಹವಾಮಾನ ಅಂತ. ಮಲೆನಾಡಿನ ಸೈಟಿನಲ್ಲಿ ಜುಲೈ ಮಳೆ ಅಸಹಜ ಅಲ್ಲ. ಟೆಂಡರ್ ಹಾಕುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿದಿರಬೇಕು ಅಂತ ಇಲಾಖೆ ಹೇಳುತ್ತದೆ. ಅಸಹಜ ಅಂತ ತೋರಿಸಲು ಮಿಲಿಮೀಟರ್ ಬೇಕು. ನಮ್ಮ ರಾಜ್ಯದಲ್ಲಿ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಹತ್ತಿರದ ಮಾಪಕದ ಅಂಕಿ ತೆಗೆದುಕೊಂಡು ಪತ್ರಕ್ಕೆ ಲಗತ್ತಿಸಿ. ಅಡಿಪಾಯದ ಗುಂಡಿಯಲ್ಲಿ ನೀರು ನಿಂತ ಫೋಟೊ, ನೀರು ತೆಗೆಯಲು ಪಂಪ್ ಓಡಿದ ದಿನಗಳು, ಇವನ್ನೂ ಸೇರಿಸಿ. ಮಳೆ ನಿಂತಮೇಲೂ ಗುಂಡಿ ಒಣಗಲು ಎರಡು ಮೂರು ದಿನ ಬೇಕಾಗುತ್ತದೆ. ಅದನ್ನು ಬರೆಯುವುದನ್ನೇ ಹೆಚ್ಚಿನವರು ಮರೆಯುತ್ತಾರೆ.

ಮೂರನೇದು ಹೆಚ್ಚುವರಿ ಕೆಲಸ. ಫೆಬ್ರವರಿಯಲ್ಲಿ ಇಲಾಖೆಯವರು 18 ಲಕ್ಷದ ಒಂದು ಶೌಚಾಲಯ ಬ್ಲಾಕ್ ಸೇರಿಸಿದರು. ಹೆಚ್ಚುವರಿ ಕೆಲಸ ಬಂದರೆ ದುಡ್ಡಿನ ಜೊತೆ ಸಮಯವೂ ಬರುತ್ತದೆ. ಸಿಪಿಡಬ್ಲ್ಯೂಡಿ ಪುಸ್ತಕದ ಕ್ಲಾಸ್ 12ರಲ್ಲಿ ಇದಕ್ಕೆ ಲೆಕ್ಕವೇ ಇದೆ. ಹೆಚ್ಚುವರಿ ಕೆಲಸ ಮೂಲ ಮೊತ್ತದ ಎಷ್ಟು ಭಾಗವೋ ಅಷ್ಟು ಭಾಗ ಸಮಯ, ಅದರ ಮೇಲೆ ಇನ್ನೂ ಕಾಲು ಭಾಗ. 3 ಕೋಟಿಗೆ 18 ಲಕ್ಷ ಅಂದರೆ ಶೇ. 6. 365 ದಿನದ ಶೇ. 6 ಸುಮಾರು 22 ದಿನ, ಕಾಲು ಭಾಗ ಸೇರಿಸಿದರೆ 27. ಇಲ್ಲಿ ನೀವು ನೋಡಬೇಕಾದದ್ದು ಒಂದೇ: ಬಾಯಿ ಮಾತಿನಲ್ಲಿ ಹೇಳಿದ ಕೆಲಸ ಸೈಟ್ ಆರ್ಡರ್ ಬುಕ್‌ನಲ್ಲಿ ಬರಹದಲ್ಲಿ ಬಂದಿದೆಯಾ ಅಂತ. ಬರಹ ಇಲ್ಲದ ಕೆಲಸಕ್ಕೆ ದುಡ್ಡು ಸಿಗುವುದೂ ಕಷ್ಟ, ದಿನ ಸಿಗುವುದೂ ಕಷ್ಟ.

ಹಾಗಾದರೆ 21, 25, 27 ಸೇರಿ 73 ದಿನ. 120ರಲ್ಲಿ 73 ಕಳೆದರೆ 47. ಎಲ್‌ಡಿ 4 ಲಕ್ಷ 70 ಸಾವಿರ. ಆ 47 ದಿನ ಎಲ್ಲಿ ಹೋದವು? ಏಪ್ರಿಲ್‌ನಲ್ಲಿ ಪ್ಲಾಸ್ಟರಿಂಗ್ ಗ್ಯಾಂಗ್ ಬೇರೆ ಸೈಟಿಗೆ ಹೋಯಿತು, ಟೈಲ್ಸ್ ಆರ್ಡರ್ ತಡವಾಯಿತು, ಒಂದು ಕಡೆ ವಾಟರ್‌ಪ್ರೂಫಿಂಗ್ ಮತ್ತೆ ಮಾಡಬೇಕಾಯಿತು. ಕೂಲಿಯವರು ಬರದೇ ಇರುವುದು, ಸಾಮಾನು ಬರದೇ ಇರುವುದು, ಮೆಷಿನ್ ಕೆಡುವುದು, ಮಾಡಿದ್ದನ್ನೇ ಒಡೆದು ಮಾಡುವುದು, ಇವೆಲ್ಲ ಕಾಂಟ್ರ್ಯಾಕ್ಟರ್ ಲೆಕ್ಕಕ್ಕೇ. ಇವನ್ನು ಹಿಂಡ್ರೆನ್ಸ್ ರಿಜಿಸ್ಟರ್‌ಗೆ ತುರುಕಬೇಡಿ. ಸುಳ್ಳು ಒಂದು ಸಿಕ್ಕಿದರೆ ನಿಜವಾದ 73ನ್ನೂ ಅನುಮಾನದಿಂದ ನೋಡುತ್ತಾರೆ.

ಇಷ್ಟು ಬರೆದಿದ್ದರೂ ದಿನಗಳು ತಾವಾಗಿ ಬರುವುದಿಲ್ಲ, ಕೇಳಬೇಕು. ಕ್ಲಾಸ್ 5ರಲ್ಲಿ ಸಮಯ ವಿಸ್ತರಣೆಯ ವಿಷಯ ಇದೆ. ಸೈಟಿನಲ್ಲಿ ಎಲ್ಲರೂ ಇಒಟಿ ಅನ್ನುತ್ತಾರೆ. ತೊಂದರೆ ಆದ 14 ದಿನದೊಳಗೆ ಬರಹದಲ್ಲಿ ಕೇಳಬೇಕು ಅಂತ ಹಲವು ಮುದ್ರಣಗಳಲ್ಲಿ ಇದೆ. ನಿಮ್ಮ ಪುಸ್ತಕದಲ್ಲಿ ಎಷ್ಟು ದಿನ ಇದೆ ನೋಡಿ, ಸೈಟ್ ಆಫೀಸಿನ ಗೋಡೆಗೆ ಬರೆದು ಅಂಟಿಸಿ. ಪತ್ರ ಬರೆಯುವುದು ಆಫೀಸಿನ ಕೆಲಸ ಇರಬಹುದು. ಆದರೆ ಆ ಗಡಿಯಾರ ಓಡಲು ಶುರುವಾಯಿತು ಅನ್ನುವುದು ಮೊದಲು ಗೊತ್ತಾಗುವುದು ನಿಮಗೆ. ಅವತ್ತೇ ಸಂಜೆ ಆಫೀಸಿಗೆ ತಿಳಿಸಿ, ತಿಳಿಸಿದ್ದಕ್ಕೆ ಗುರುತು ಇರಲಿ.

ರಿಜಿಸ್ಟರ್‌ನಲ್ಲಿ ಎರಡೂ ಕಡೆಯ ಸಹಿ ಬೇಕು. ತೊಂದರೆ ಶುರುವಾದ ದಿನ ಜೆಇ ಸಹಿ ಹಾಕುತ್ತಾರೆ, ಅದು ಕಷ್ಟವಿಲ್ಲ. ತಪ್ಪುವುದು ತೊಂದರೆ ಮುಗಿದ ದಿನ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸೈಟಿನಲ್ಲಿ ವಿದ್ಯುತ್ ತಂತಿ ಪಕ್ಕಕ್ಕೆ ಹಾಕುವ ಕೆಲಸಕ್ಕೆ ತಿಂಗಳುಗಟ್ಟಲೆ ಕಾದೆವು. ಶುರುವಿನ ತಾರೀಕು ಬರೆದಿದ್ದೆ, ಸಹಿಯೂ ಇತ್ತು. ತಂತಿ ಸರಿಸಿದ ದಿನ ಎಲ್ಲರೂ ಕಾಂಕ್ರೀಟ್ ಹಾಕುವ ಗಡಿಬಿಡಿಯಲ್ಲಿದ್ದೆವು, ಮುಗಿದ ತಾರೀಕಿನ ಕಾಲಂ ಖಾಲಿ ಉಳಿಯಿತು. ಅಷ್ಟರಲ್ಲಿ ಆ ಜೆಇ ವರ್ಗವಾಗಿ ಹೋದರು. ಹೊಸದಾಗಿ ಬಂದವರು ತಾವು ನೋಡದ ದಿನಕ್ಕೆ ಸಹಿ ಹಾಕಲು ಒಪ್ಪಲಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿರಲಿಲ್ಲ. ಕೊನೆಗೆ ನಾವು ಕೇಳಿದ್ದರ ಅರ್ಧ ದಿನಗಳೂ ಸಿಗಲಿಲ್ಲ. ಆ ಖಾಲಿ ಕಾಲಂ ಇವತ್ತಿಗೂ ನನ್ನನ್ನು ಕಾಡುತ್ತದೆ. ಜೆಇ ಸಹಿ ಹಾಕಲು ಒಪ್ಪದಿದ್ದರೆ ಜಗಳ ಬೇಡ. ಅದೇ ವಿವರವನ್ನು ಪತ್ರ ಮಾಡಿ ಅವರ ಕಚೇರಿಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಮುಗಿಯಬೇಕಾದ ದಿನ ದಾಟುವ ಹೊತ್ತಿಗೆ ನಿಮ್ಮ ಆಫೀಸಿಗೆ ಒಂದು ಪತ್ರ ಬರಬಹುದು. ಇಂಥ ದಿನದವರೆಗೆ ತಾತ್ಕಾಲಿಕವಾಗಿ ಸಮಯ ಕೊಟ್ಟಿದ್ದೇವೆ, ಕ್ಲಾಸ್ 2ರ ಪ್ರಕಾರ ವಸೂಲಿ ಮಾಡುವ ಹಕ್ಕನ್ನು ಉಳಿಸಿಕೊಂಡಿದ್ದೇವೆ ಅಂತ. ಇದನ್ನು ನೋಡಿ ಇಒಟಿ ಸಿಕ್ಕಿತು ಅಂತ ಖುಷಿಪಡುವವರಿದ್ದಾರೆ, ಎಲ್‌ಡಿ ಬಿತ್ತು ಅಂತ ಹೆದರುವವರೂ ಇದ್ದಾರೆ. ಅದು ಎರಡೂ ಅಲ್ಲ. 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ ಕಲಂ 55ರ ಪ್ರಕಾರ, ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗ ಪರಿಹಾರ ಕೇಳುತ್ತೇವೆ ಅಂತ ಹೇಳದಿದ್ದರೆ ಆಮೇಲೆ ಕೇಳುವ ಹಾಗಿಲ್ಲ. ಆ ಹಕ್ಕು ಹೋಗದಿರಲಿ ಅಂತ ಬರೆಯುವ ಪತ್ರ ಅದು. ಯಾವ ದಿನ ಯಾರ ಲೆಕ್ಕಕ್ಕೆ ಅನ್ನುವ ತೀರ್ಮಾನ ಬಾಕಿ ಇರುತ್ತದೆ. ನಿಮ್ಮ ರಿಜಿಸ್ಟರ್‌ಗೆ ಕೆಲಸ ಬರುವುದು ಆಗಲೇ.

ಕೋರ್ಟಿನ ವಿಷಯ ನಿಮಗೆ ಅಷ್ಟು ಬೇಡ, ಆದರೂ ಎರಡು ಮಾತು ಗೊತ್ತಿರಲಿ. ಅದೇ ಕಾಯ್ದೆಯ ಕಲಂ 74ರ ಪ್ರಕಾರ ಅಗ್ರಿಮೆಂಟಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ. ಸಿಗುವುದು ಅದರೊಳಗಿನ ನ್ಯಾಯವಾದ ಪರಿಹಾರ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಕೇಸಿನಲ್ಲಿ ಹೇಳಿದೆ. ಆದರೆ ಕಟ್ಟಡ ತಡವಾದ ನಷ್ಟವನ್ನು ರೂಪಾಯಿಯಲ್ಲಿ ತೋರಿಸುವುದು ಕಷ್ಟ. ಅಂಥ ಕಡೆ ಮೊದಲೇ ಒಪ್ಪಿದ ನ್ಯಾಯವಾದ ಅಂದಾಜನ್ನೇ ಕೋರ್ಟ್ ಒಪ್ಪಬಹುದು. ಹಾಗಾಗಿ 'ಅವರಿಗೆ ನಷ್ಟವೇ ಆಗಿಲ್ಲ' ಅನ್ನುವ ವಾದವನ್ನು ನಂಬಿ ಕೂರಬೇಡಿ. ಇನ್ನೊಂದು ನಮ್ಮ ತೀರ್ಥಹಳ್ಳಿಯ ಅಕ್ಕಿ ಗಿರಣಿಯೊಂದರ ಕೇಸ್, ರಾಜ್ಯ ಸರ್ಕಾರದ ವಿರುದ್ಧ, 1987ರದ್ದು. ಕರಾರು ಮುರಿದದ್ದು ಯಾರು ಅನ್ನುವುದೇ ವಿವಾದದಲ್ಲಿ ಇರುವಾಗ, ಕರಾರಿನ ಒಂದು ಪಕ್ಷವೇ ಅದಕ್ಕೆ ತೀರ್ಪುಗಾರ ಆಗಲು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ತಡಕ್ಕೆ ಕಾರಣ ನೀವೇ ಅಂತ ಇಲಾಖೆ ಬರೆದರೆ ಅದೇ ಕೊನೆಯ ಮಾತಲ್ಲ. ಆದರೆ ಅದನ್ನು ಪ್ರಶ್ನಿಸಲು ಕೈಯಲ್ಲಿ ಕಾಗದ ಬೇಕು.

ಕೊನೆಯದಾಗಿ ಎಣಿಕೆ ನಿಲ್ಲುವ ದಿನ. ಕಟ್ಟಡಕ್ಕೆ ಬಣ್ಣ ಹೊಡೆದು ಆಯಿತು, ನಮ್ಮ ಕೆಲಸ ಮುಗಿಯಿತು ಅಂತ ನಾವು ಅಂದುಕೊಂಡ ದಿನ ಅದಲ್ಲ. ಕ್ಲಾಸ್ 8ರ ಪ್ರಕಾರ ಕೆಲಸ ಮುಗಿದ 10 ದಿನದೊಳಗೆ ಮುಗಿದಿದೆ ಅಂತ ಬರಹದಲ್ಲಿ ತಿಳಿಸಬೇಕು, ಅದು ತಲುಪಿದ 30 ದಿನದೊಳಗೆ ಅವರು ಬಂದು ನೋಡಬೇಕು. ಸಾರವೆ, ಉಳಿದ ಜಲ್ಲಿ ಮರಳು, ಕಸ, ಕೂಲಿಯವರ ಶೆಡ್ಡು, ತಾತ್ಕಾಲಿಕ ಶೌಚಾಲಯ, ಇವೆಲ್ಲ ಜಾಗದಿಂದ ಹೋಗುವ ತನಕ ಕಂಪ್ಲೀಷನ್ ಸರ್ಟಿಫಿಕೇಟ್ ಕೊಡುವ ಹಾಗಿಲ್ಲ ಅಂತಲೂ ಅಲ್ಲೇ ಇದೆ. ಮೇಲಿನ ಲೆಕ್ಕದ ಕಟ್ಟಡದಲ್ಲಿ ಶೆಡ್ಡುಗಳು ಇನ್ನೊಂದು ವಾರ ನಿಂತಿದ್ದು, ಅಷ್ಟಕ್ಕೇ ಮುಗಿದ ದಿನ ಮುಂದೆ ಹೋಗಿದ್ದರೆ ಇನ್ನೂ 70,000 ರೂಪಾಯಿ. ಹಾಗಾಗಿ ಫಿನಿಶಿಂಗ್ ಶುರುವಾದ ದಿನವೇ ಶೆಡ್ಡು ಬಿಚ್ಚುವವರಿಗೆ ಮತ್ತು ಟಿಪ್ಪರ್‌ಗೆ ತಾರೀಕು ಹೇಳಿಬಿಡಿ. ಸೈಟ್ ಖಾಲಿಯಾದ ದಿನ, ಗೇಟಿನಿಂದ ಒಳಗೆ ಪೂರ್ತಿ ಕಾಣುವ ಹಾಗೆ ತಾರೀಕಿರುವ ಫೋಟೊ ತೆಗೆದು, ಮುಗಿದ ಪತ್ರದ ಜೊತೆ ಕಳಿಸಿ.